ಐದನೇ ತಾರೀಖಿನ ಜಮೆ

ಸಾಲದ ಅರ್ಜಿಗಳನ್ನು ನೋಡುವ ಮೇಡಂಗೆ ಆ ಬ್ಯಾಂಕಿನಲ್ಲಿ ಪೆನ್ಸಿಲ್ ಮೇಡಂ ಎಂದೇ ಹೆಸರು ಬಿದ್ದುಹೋಗಿತ್ತು. ಯಾರು ಎಷ್ಟೇ ಹೊಳಪಿನ ಕಾಗದದಲ್ಲಿ ಬ್ಯಾಲೆನ್ಸ್ ಶೀಟ್ ಛಾಪಿಸಿ ತಂದರೂ, ಅದರ ಕೆಳಗೆ ಆಡಿಟರು ದಪ್ಪ ಅಕ್ಷರದಲ್ಲಿ ರೇಶಿಯೋಗಳನ್ನು ಬರೆದು ಠಸ್ಸೆ ಒತ್ತಿದ್ದರೂ, ಈಕೆ ನಂಬುವ ಪೈಕಿ ಅಲ್ಲ. ಗೆರೆ ಹಾಕಿದ ಹಾಳೆಯೊಂದನ್ನು ಎಳೆದುಕೊಂಡು, ಪೆನ್ಸಿಲ್ ಚೂಪು ಮಾಡಿ, ಒಂದೊಂದೇ ಅಂಕಿಯನ್ನು ಅದರ ಜಾಗದಿಂದ ಎಬ್ಬಿಸಿ, ನೀನು ನಿಜಕ್ಕೂ ಇಲ್ಲಿಯವನೇನಪ್ಪ ಎಂದು ವಿಚಾರಿಸಿ ಮತ್ತೆ ಕೂರಿಸಬೇಕು. ಕಂಪ್ಯೂಟರಿಗೆ ಏರಿಸುವುದು ಆಮೇಲಿನ ಮಾತು.

"ಗಂಡು ನೋಡೋವಾಗ್ಲೂ ಹೀಗೇ ಪೆನ್ಸಿಲ್ ಹಿಡ್ಕೊಂಡಿದ್ರಾ ಮೇಡಂ?" ಎಂದು ಮ್ಯಾನೇಜರು ಆಗಾಗ ಕಾಲೆಳೆಯುತ್ತಿದ್ದರು.

"ಹಿಡ್ಕೊಂಡಿದ್ರೆ ನನ್ನ ಕಥೆ ಬೇರೆ ಇರ್ತಿತ್ತು ಬಿಡಿ ಸಾರ್" ಎಂದು ಆಕೆ ತಲೆಯೆತ್ತದೆ ಹೇಳುತ್ತಿದ್ದಳು.

ರಟ್ಟಿನ ಡಬ್ಬ ಮಾಡುವ ಶೆಡ್ಡಿನ ಯಜಮಾನ ಇಪ್ಪತ್ತು ಲಕ್ಷದ ಅರ್ಜಿ ಹಿಡಿದು ಬಂದದ್ದು ಒಂದು ಸೋಮವಾರ. ವಯಸ್ಸು ಐವತ್ತರ ಆಸುಪಾಸು, ಅಂಗಿಯ ತೋಳಿಗೆ ಒಣಗಿದ ಅಂಟು, ಬೆರಳ ತುದಿಗಳಲ್ಲಿ ರಟ್ಟಿನ ಅಂಚು ಕೊಯ್ದ ಸಣ್ಣ ಗೀರುಗಳು. ಕೆಲಸ ಮಾಡಿಸುವವನಲ್ಲ, ತಾನೂ ಕೂತು ಮಾಡುವವನು ಎಂದು ಆ ಬೆರಳು ನೋಡಿದರೇ ಗೊತ್ತಾಗುತ್ತಿತ್ತು. ದೊಡ್ಡ ಬಿಸ್ಕತ್ತು ಕಾರ್ಖಾನೆಯೊಂದು ಇವನಿಂದ ವರ್ಷವಿಡೀ ಡಬ್ಬ ಕೊಳ್ಳಲು ಒಪ್ಪಿತ್ತು. ಆದರೆ ಅವರಿಗೆ ಬೇಕಾದ ಅಳತೆಗೆ ರಟ್ಟು ಕತ್ತರಿಸಿ ಮಡಿಸುವ ಹೊಸ ಯಂತ್ರ ಬೇಕು, ಅದೂ ಎರಡು ತಿಂಗಳೊಳಗೆ. ಯಂತ್ರ ಬಂದರೆ ಆರ್ಡರು. ಬರದಿದ್ದರೆ ಹಳೆಯ ಯಂತ್ರದಲ್ಲಿ ಹಳೆಯ ಗಿರಾಕಿಗಳು, ಅವರೂ ಒಬ್ಬೊಬ್ಬರೇ ಜಾರಿಕೊಳ್ಳುತ್ತಿದ್ದರು.

"ಹದಿನಾಲ್ಕು ಜನ ಇದಾರೆ ಮೇಡಂ ನನ್ನ ಹತ್ರ" ಎಂದ ಅವನು. "ಈ ಸಾಲ ಆಗ್ಲಿಲ್ಲ ಅಂದ್ರೆ ಆರು ಜನಕ್ಕೆ ನಾಳೆಯಿಂದ ಬರಬೇಡಿ ಅಂತ ಹೇಳ್ಬೇಕು. ಯಾರಿಗೆ ಹೇಳೋದು ಅಂತ ಯೋಚ್ನೆ ಮಾಡಿದ್ರೆ ಊಟ ಸೇರಲ್ಲ."

"ನೋಡೋಣ ಇರಿ. ಕಾಗದ ಏನು ಹೇಳುತ್ತೋ."

"ಕಾಗದದ್ದೇನೂ ಯೋಚ್ನೆ ಇಲ್ಲ. ಲೆಕ್ಕ ಬರೆಯೋದು ನಮ್ಮಪ್ಪ. ಒಂದು ಪೈಸೆ ಆಚೆ ಈಚೆ ಆದ್ರೆ ರಾತ್ರಿಯೆಲ್ಲಾ ನಿದ್ದೆ ಮಾಡೋ ಆಸಾಮಿ ಅಲ್ಲ."

ಅವನು ಹೋದ ಮೇಲೆ ಮೇಡಂ ಹಾಳೆ ಎಳೆದುಕೊಂಡಳು. ಅವನ ಮಾತು ಸುಳ್ಳಲ್ಲ, ಕೂಡುವುದು ಕಳೆಯುವುದು ಎಲ್ಲ ಕನ್ನಡಿಯ ಹಾಗೆ ಸ್ಪಷ್ಟ. ಒಂದು ವರ್ಷದೊಳಗೆ ನಗದಾಗುವ ಆಸ್ತಿ ಎಂಬತ್ತನಾಲ್ಕು ಲಕ್ಷ: ನಗದು ಮೂರು, ಗಿರಾಕಿಗಳಿಂದ ಬರಬೇಕಾದ ಬಾಕಿ ನಲವತ್ತಾರು, ಸರಕು ಇಪ್ಪತ್ತೆಂಟು, ಮುಂಗಡ ಅದು ಇದು ಏಳು. ಒಂದು ವರ್ಷದೊಳಗೆ ಕೊಡಬೇಕಾದ್ದು ಐವತ್ತೆರಡೂವರೆ. ಅದನ್ನು ಇದರಿಂದ ಭಾಗಿಸಿದರೆ ಕರೆಂಟ್ ರೇಶಿಯೋ 1.60. ಕೊಡಬೇಕಾದ ಪ್ರತಿ ಒಂದು ರೂಪಾಯಿಗೆ ಕೈಗೆ ಬರುವುದು ಒಂದು ಅರವತ್ತು. ಬ್ಯಾಂಕಿಗೆ ಒಂದು ಮೂವತ್ತಮೂರು ಇದ್ದರೆ ಸಾಕು. ಇನ್ನು ಸಾಲಕ್ಕೂ ಸ್ವಂತ ಬಂಡವಾಳಕ್ಕೂ ಇರುವ ಪ್ರಮಾಣ, ಡೆಟ್ ಈಕ್ವಿಟಿ, 1.42 ಎಂದು ಛಾಪಿಸಿತ್ತು. ಅದು ಮೂರು ದಾಟಬಾರದು ಅಷ್ಟೇ. ಮ್ಯಾನೇಜರು ಆ ಎರಡು ಅಂಕಿಗಳನ್ನಷ್ಟೇ ನೋಡಿ, "ಇದೇನ್ರೀ, ಹಾಲು ಕುಡಿದಷ್ಟು ಸಲೀಸು, ಶನಿವಾರದೊಳಗೆ ಮೇಲಕ್ಕೆ ಕಳ್ಸಿ" ಎಂದು ಹೇಳಿಯೂ ಬಿಟ್ಟಿದ್ದರು.

ಮೇಡಂ ಕಳಿಸಲಿಲ್ಲ. ಮೊದಲು ಹಳೆಯ ಯಂತ್ರದ ಸಾಲವನ್ನು ಎಬ್ಬಿಸಿದಳು. ಅದು ಹದಿನೆಂಟು ಲಕ್ಷ, ಪೂರ್ತಿ ದೀರ್ಘಾವಧಿಯ ಸಾಲದ ಸಾಲಿನಲ್ಲಿ ಆರಾಮಾಗಿ ಕೂತಿತ್ತು. ಆದರೆ ಅದರ ಮುಂದಿನ ಹನ್ನೆರಡು ಕಂತುಗಳು, ಒಟ್ಟು ಆರು ಲಕ್ಷ, ಈ ವರ್ಷವೇ ಕಟ್ಟಬೇಕಾದವು. ಈ ವರ್ಷ ಕಟ್ಟಬೇಕಾದ್ದು ಈ ವರ್ಷದ ಹೊಣೆಯೇ ತಾನೆ? ಆರನ್ನು ಕೆಳಗಿಳಿಸಿದಳು. ಐವತ್ತೆರಡೂವರೆ ಹೋಗಿ ಐವತ್ತೆಂಟೂವರೆ ಆಯಿತು, ರೇಶಿಯೋ 1.44ಕ್ಕೆ ಇಳಿಯಿತು. ಇಳಿದರೂ ಗಡಿಯ ಮೇಲೇ ಇತ್ತಲ್ಲ, ಆಕೆಗೆ ಒಳಗೊಳಗೇ ಖುಷಿಯಾಯಿತು. ಕಲ್ಲು ಮನಸ್ಸಿನವಳು ಎಂದು ಹೊರಗಿನವರು ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳಲಿ; ಪಾಸಾಗುವ ಕಾಗದ ಸಿಕ್ಕಿದ ದಿನ ಆಕೆ ಊಟದ ಡಬ್ಬಿಯಲ್ಲಿ ಒಂದಗುಳೂ ಬಿಡುತ್ತಿರಲಿಲ್ಲ.

ಆಮೇಲೆ ಸಿಕ್ಕಿದ್ದು ಅಪ್ಪನಿಂದ ತಂದ ಏಳೂವರೆ ಲಕ್ಷ. ಅದನ್ನು ಆಡಿಟರು ಸ್ವಂತ ಬಂಡವಾಳಕ್ಕೆ ಸೇರಿಸಿ ಲೆಕ್ಕ ಹಾಕಿದ್ದರು. ಅಪ್ಪನದೇ ಇರಬಹುದು, ಸಾಲ ಸಾಲವೇ. ನಿಮ್ಮ ಸಾಲ ತೀರುವ ತನಕ ನಾನು ಈ ಹಣ ಕೇಳುವುದಿಲ್ಲ ಎಂದು ಅಪ್ಪ ಬ್ಯಾಂಕಿಗೆ ಬರೆದುಕೊಟ್ಟರೆ ಮಾತ್ರ ಅದನ್ನು ಬಂಡವಾಳದಂತೆ ನೋಡಬಹುದು. ಪಕ್ಕದಲ್ಲಿ 'ಅಪ್ಪನ ಪತ್ರ' ಎಂದು ಗುರುತು ಹಾಕಿಕೊಂಡಳು. ಅಪ್ಪ ಮಗನಿಗೆ ಅಷ್ಟು ಬರೆದುಕೊಡಲಾರನೇ?

ಕೊನೆಗೆ ಉಳಿದದ್ದು ಗಿರಾಕಿಗಳ ಪಟ್ಟಿ. ಯಾರಿಂದ ಎಷ್ಟು ಬರಬೇಕು, ಆ ಬಾಕಿಗೆ ಎಷ್ಟು ದಿನವಾಯಿತು ಎಂದು ತೋರಿಸುವ ಹಾಳೆ. ಇಪ್ಪತ್ತೊಂದು ಹೆಸರುಗಳಲ್ಲಿ ಇಪ್ಪತ್ತು ಸಣ್ಣಪುಟ್ಟವು. ಒಂದು ಪಾದರಕ್ಷೆ ತಯಾರಿಸುವ ಘಟಕದ್ದು ಮಾತ್ರ ಹದಿನೆಂಟು ಲಕ್ಷ. ಅದೂ ಸರಿಯಾಗಿ ಹದಿನೆಂಟು. ಮೂರು ತಿಂಗಳೊಳಗಿನ ಬಾಕಿ ಎಂಬ ಕಾಲಮ್ಮಿನಲ್ಲಿ ಕೂತಿತ್ತು. ಇಡೀ ವರ್ಷದ ವ್ಯಾಪಾರ ನೋಡಿದರೆ ಮೂರು ತಿಂಗಳಲ್ಲಿ ಒಬ್ಬನೇ ಗಿರಾಕಿ ಹದಿನೆಂಟು ಲಕ್ಷದ ಡಬ್ಬ ಕೊಳ್ಳಲು ಸಾಧ್ಯವೇ ಇರಲಿಲ್ಲ. ಮೇಡಂ ಪೆನ್ಸಿಲ್ ಕೆಳಗಿಟ್ಟಳು. ಆ ಒಬ್ಬನ ಖಾತೆಯ ಪುಟಗಳನ್ನು ತೋರಿಸಿ ಎಂದು ಯಜಮಾನನಿಗೆ ಫೋನ್ ಮಾಡಿದಳು.

"ಅದಾ ಮೇಡಂ?" ಎಂದ ಅವನು. ದನಿ ಸ್ವಲ್ಪ ತಗ್ಗಿತು. "ಅದು ನನ್ನ ತಮ್ಮನ ಘಟಕ. ಹೇಗೂ ಜಾಗ ನೋಡೋಕೆ ಬರ್ಬೇಕಲ್ಲ ನೀವು, ಬನ್ನಿ, ಅಲ್ಲೇ ತೋರಿಸ್ತೀನಿ."

ಬುಧವಾರ ಬೆಳಿಗ್ಗೆ ಹೋದಳು. ಉದ್ದನೆಯ ಶೆಡ್ಡು, ತಗಡಿನ ಸೂರು, ಗೋಡೆಯುದ್ದಕ್ಕೂ ಆಳೆತ್ತರ ಪೇರಿಸಿದ ರಟ್ಟಿನ ಹಾಳೆಗಳು. ಹಳೆಯ ಯಂತ್ರ ಉಬ್ಬಸದವರ ಹಾಗೆ ಎಳೆದೆಳೆದು ಓಡುತ್ತಿತ್ತು. ನೆಲದ ಮೇಲೆ ಕೂತ ಹೆಂಗಸರು ಡಬ್ಬ ಮಡಿಸುತ್ತಾ ಮಾತಾಡುತ್ತಿದ್ದವರು ಬ್ಯಾಂಕಿನವರು ಎಂದು ಗೊತ್ತಾದದ್ದೇ ಗಪ್‌ಚಿಪ್. ಅವರಲ್ಲಿ ಯಾವ ಆರು ಮಂದಿಯೋ ಎಂದು ಬೇಡವೆಂದರೂ ಮೇಡಂ ಮನಸ್ಸು ಎಣಿಸಿತು.

ಮೂಲೆಯಲ್ಲಿ ಗಾಜಿನ ಒಂದು ಗೂಡು, ಅದೇ ಆಫೀಸು. ಒಳಗೆ ಅಪ್ಪ ಕೂತಿದ್ದರು. ಎಪ್ಪತ್ತನಾಲ್ಕರ ಸಣಕಲು ದೇಹ, ಮಡಿಕೆ ಮುರಿಯದ ಬಿಳಿ ಅಂಗಿ, ಒಂದು ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ.

"ಆ ಕನ್ನಡಕ ನೋಡಿ ಮೇಡಂ" ಎಂದು ಮಗ ನಗೆಯಾಡಿದ. "ತಿಂಗಳು ತಿಂಗಳು ಆರು ಸಾವಿರ ಸಂಬಳ ಕೊಡ್ತೀನಿ, ಬ್ಯಾಂಕಿಗೇ ಹಾಕ್ತೀನಿ. ಒಂದು ಕನ್ನಡಕ ಮಾಡಿಸ್ಕೊಳ್ಳಲ್ಲ. ದುಡ್ಡೆಲ್ಲ ಏನು ಮಾಡ್ತೀಯಪ್ಪಾ ಅಂದ್ರೆ ತಿಂದ್ಕೊಂಡೆ ಅಂತಾನೆ. ತಿಂದೋರ ಥರಾ ಇದಾನಾ ನೋಡಿ!"

"ಕಣ್ಣು ಚೆನ್ನಾಗೇ ಕಾಣುತ್ತೆ, ಕಡ್ಡಿ ಕಟ್ಕೊಂಡು ನನಗೇನಾಗ್ಬೇಕು" ಎಂದರು ಮುದುಕರು. ಏಳೂವರೆ ಲಕ್ಷದ ಪತ್ರದ ಮಾತೆತ್ತಿದ ಕೂಡಲೇ, "ಎಲ್ಲಿ ಸಹಿ ಹಾಕ್ಲಿ ತಾಯಿ? ನನ್ನ ದುಡ್ಡು ತಗೊಂಡು ನಾನೆಲ್ಲಿಗೆ ಹೋಗ್ಲಿ" ಎಂದು ಪೆನ್ನು ತೆಗೆದರು. ಮೇಡಂಗೆ ಒಂದು ಭಾರ ಇಳಿಯಿತು. ಪತ್ರಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ತಮ್ಮನ ಖಾತೆ ಕೇಳಿದಳು.

ಮುದುಕರ ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಮಗನೇ ಎದ್ದು ದಪ್ಪ ಪುಸ್ತಕ ತಂದು ಪುಟ ತೆಗೆದುಕೊಟ್ಟ.

"ನನ್ನ ತಮ್ಮ ಈಗಿಲ್ಲ ಮೇಡಂ" ಎಂದ. "ಮೂರು ವರ್ಷದ ಮೇಲಾಯ್ತು. ಘಟಕದಲ್ಲೇ ಎದೆ ಹಿಡ್ಕೊಂಡು ಕೂತೋನು ಮತ್ತೆ ಏಳ್ಲಿಲ್ಲ. ಘಟಕಾನೂ ಮುಚ್ಚೋಯ್ತು. ಆದ್ರೆ ಬಾಕಿ ಜೀವಂತ ಇದೆ. ಅವನ ಹೆಂಡ್ತಿ ತಿಂಗಳು ತಿಂಗಳು ಕಳಿಸ್ತಾಳೆ, ಒಂದು ತಿಂಗಳೂ ತಪ್ಪಿಸಿಲ್ಲ. ಹೊಲಿಗೆ ಮಾಡ್ಕೊಂಡಿರೋ ಹೆಂಗಸು. ಅವಳ ನಿಯತ್ತಿಗೆ ನಾನೇ ತಲೆ ಬಾಗ್ತೀನಿ."

ಮೇಡಂ ಪುಟದ ಮೇಲೆ ಬೆರಳಿಟ್ಟು ಓದಿದಳು. ಮುತ್ತು ಪೋಣಿಸಿದಂಥ ಅಕ್ಷರ. ಕೊನೆಯ ಬಿಲ್ಲು ಮೂರು ವರ್ಷ ಏಳು ತಿಂಗಳ ಹಿಂದಿನದು. ಅಲ್ಲಿಗೆ ಒಟ್ಟು ಬಾಕಿ ಹದಿನೆಂಟು ಲಕ್ಷ ಎಪ್ಪತ್ತೆರಡು ಸಾವಿರ. ಆಮೇಲೆ ಒಂದೇ ಒಂದು ಡಬ್ಬವೂ ಹೋಗಿಲ್ಲ. ಪ್ರತಿ ತಿಂಗಳ ಐದನೇ ತಾರೀಖು, ನಗದು, ಎರಡು ಸಾವಿರ. ಐದನೇ ತಾರೀಖು, ನಗದು, ಎರಡು ಸಾವಿರ. ವರ್ಷಾಂತ್ಯದ ತನಕ ಮೂವತ್ತಾರು ಸಲ, ಎಪ್ಪತ್ತೆರಡು ಸಾವಿರ.

"ದೊಡ್ಡವರೇ, ಇದನ್ನ ಮೂರು ತಿಂಗಳೊಳಗಿನ ಬಾಕಿ ಅಂತ ತೋರಿಸಿದೀರಲ್ಲ?"

"ಕೊನೇ ಜಮೆ ಆದ ದಿನದಿಂದ ಎಣಿಸೋದು ತಾಯಿ" ಎಂದರು ಮುದುಕರು, ಆಕೆಯ ಮುಖ ನೋಡದೆ. "ನಾನು ಕೆಲ್ಸ ಕಲಿತ ಮಂಡಿಯಲ್ಲಿ ಹಾಗೇ ಇತ್ತು. ತಿಂಗಳಿಗೆ ಏನಾದ್ರೂ ತಂದು ಕೊಡೋನ ಖಾತೆಗೆ ವಯಸ್ಸು ಹಾಕ್ತಿರ್ಲಿಲ್ಲ."

ಆಡಿಟರೂ ಅದನ್ನೇ ನಂಬಿ ಠಸ್ಸೆ ಒತ್ತಿದ್ದ, ಪುಣ್ಯಾತ್ಮ. ಮೇಡಂಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. "ಬಾಕಿಯ ವಯಸ್ಸನ್ನ ಬಿಲ್ಲಿನ ದಿನದಿಂದ ಎಣಿಸ್ಬೇಕು" ಎಂದಳು ಮೆತ್ತಗೆ. "ಇದು ಮೂರು ವರ್ಷ ಹಳೇದು. ತಿಂಗಳಿಗೆ ಎರಡು ಸಾವಿರದ ಲೆಕ್ಕದಲ್ಲಿ ಹದಿನೆಂಟು ಲಕ್ಷ ತೀರೋಕೆ ಒಂಬೈನೂರು ತಿಂಗಳು ಬೇಕು. ಎಪ್ಪತ್ತೈದು ವರ್ಷ. ಇದನ್ನ ಒಂದು ವರ್ಷದೊಳಗೆ ಬರೋ ಹಣ ಅಂತ ನಾನು ಹೇಗೆ ಬರೀಲಿ?"

ಯಜಮಾನ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ನೋಡಿದ. ಅವನು ಒಂದು ದಿನವೂ ಆ ಭಾಗಾಕಾರ ಮಾಡಿ ನೋಡಿರಲಿಲ್ಲ.

"ಅವರು ಒಂದಷ್ಟು ದೊಡ್ಡ ಮೊತ್ತ ಕೊಡೋ ಹಾಗಿದ್ರೆ ಮಾತು ಬೇರೆ" ಎಂದಳು ಮೇಡಂ. "ಅವರ ಹತ್ರ ಮಾತಾಡ್ಬಹುದಾ? ಬಾಕಿ ಇಷ್ಟಿದೆ, ಇಷ್ಟಿಷ್ಟು ಕೊಡ್ತಿದೀನಿ ಅಂತ ಅವರ ಬಾಯಲ್ಲಿ ಕೇಳ್ಬೇಕು. ನಮ್ಮಲ್ಲಿ ಅದು ಪದ್ಧತಿ."

"ಫೋನು ಯಾಕೆ ಈಗ?" ಎಂದು ಮುದುಕರು ಥಟ್ಟನೆ ಎದ್ದರು. "ಅವಳು ಕೆಲ್ಸದಲ್ಲಿರ್ತಾಳೆ. ಸಂಜೆ ನಾನೇ ಕೇಳಿ..."

"ಇರಪ್ಪ, ಒಂದು ನಿಮಿಷದ ಮಾತು" ಎಂದು ಮಗ ಆಗಲೇ ನಂಬರ್ ಒತ್ತಿ ಮೇಡಂಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟಿದ್ದ.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಭಾವ? ಏನ್ ಭಾವ ಇಷ್ಟೊತ್ತಲ್ಲಿ? ಮಾವ ಚೆನ್ನಾಗಿದಾರಾ?" ತಮ್ಮನ ಹೆಂಡತಿಯ ದನಿಯಲ್ಲಿ ಗಾಬರಿ.

"ಚೆನ್ನಾಗಿದಾನೆ ಕಣಮ್ಮ. ಏನಿಲ್ಲ, ನೀನು ಪ್ರತಿ ತಿಂಗಳು ಕಟ್ಟೋ ದುಡ್ಡಿದೆಯಲ್ಲ, ಅದರ ವಿಷಯ ಬ್ಯಾಂಕಿನೋರು ಕೇಳ್ತಿದಾರೆ. ಹೂಂ ಅಂತ ಒಂದು ಮಾತು ಹೇಳ್ಬಿಡು."

"ಯಾವ ದುಡ್ಡು ಭಾವ?"

"ಎರಡು ಸಾವಿರ. ಐದನೇ ತಾರೀಖಿಂದು."

"ನಾನೆಲ್ಲಿ ಕಟ್ಟಿದೀನಿ?" ಎಂದಳು ಆಕೆ. "ಮಕ್ಕಳ ಫೀಸು ಕಟ್ಟೋದೇ ಏಳುಬೀಳು. ನೀವೇ ಎಲ್ಲಾ ಮನ್ನಾ ಮಾಡಿದ್ರಲ್ಲ ಭಾವ! ಅವರು ಹೋದ ಹದಿನೈದನೇ ದಿನಾನೇ ಮಾವ ಬಂದು ಹೇಳಿದ್ರು. ಅಣ್ಣ ಎಲ್ಲಾ ಹೊಟ್ಟೆಗೆ ಹಾಕ್ಕೊಂಡಿದಾನೆ, ನೀನು ಒಂದು ಪೈಸೆನೂ ಕೊಡೋದು ಬೇಡ, ಆದ್ರೆ ಅವನ ಮುಂದೆ ಈ ಮಾತು ಎತ್ಬೇಡ, ನಾಚ್ಕೋತಾನೆ ಅಂತ. ಅದಕ್ಕೇ ನಾನು ಸುಮ್ನಿದ್ದೆ. ಒಳಗೊಳಗೇ ನಿಮಗೆ ಎಷ್ಟು ಸಲ ಕೈ ಮುಗಿದಿದೀನೋ ಲೆಕ್ಕ ಇಲ್ಲ ಭಾವ. ಅವರು ಕೊನೇ ಗಳಿಗೇಲಿ ನಿಮ್ಮ ಮಾತು ನೆನೆಸ್ಕೊಂಡು ಸಂಕಟ ಪಟ್ಕೊಂಡ್ರೇನೋ ಅಂತ ನನಗೆ ಒಂದು ಕೊರಗಿತ್ತು. ಮಾವ ಹೇಳಿದ ಮೇಲೆ ಅದು ಹೋಯ್ತು."

ಯಜಮಾನ ಫೋನನ್ನು ಮೇಜಿನಿಂದ ಎತ್ತಿ ಕಿವಿಗೆ ಹಿಡಿದ. ಆಮೇಲೆ, "ಸರಿ ಕಣಮ್ಮ. ಆಮೇಲೆ ಮಾಡ್ತೀನಿ" ಎಂದು ಇಟ್ಟ.

ಎದ್ದು ಹೋಗಿಬಿಡಲೇ ಎನ್ನಿಸಿತು ಮೇಡಂಗೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆಕೆ ಕಳ್ಳ ಬಿಲ್ಲು ಹಿಡಿದಿದ್ದಳು, ಖಾಲಿ ಗೋದಾಮು ಹಿಡಿದಿದ್ದಳು, ಒಂದೇ ಯಂತ್ರವನ್ನು ಎರಡು ಬ್ಯಾಂಕಿಗೆ ಅಡವಿಟ್ಟವನನ್ನೂ ಹಿಡಿದಿದ್ದಳು. ಹೀಗೆ ಒಬ್ಬ ಅಪ್ಪನನ್ನು ಹಿಡಿದಿರಲಿಲ್ಲ.

"ನಿನ್ನ ಸಂಬಳಾನಾ?" ಎಂದ ಮಗ.

ಮುದುಕರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ದಾರ ಸಡಿಲವಾಗಿ ಕಡ್ಡಿ ಕೈಗೇ ಬಂತು.

"ನೀನು ಅವನಿಗೆ ಹೇಳಿದ್ದೆಯಲ್ಲ" ಎಂದರು. "ದುಡ್ಡು ತಂದ್ರೆ ಮಾತ್ರ ಈ ಬಾಗಿಲು ತುಳಿ ಅಂತ. ನಾಲ್ಕು ತಿಂಗಳು ಅವನು ಈ ಕಡೆ ತಲೆ ಹಾಕ್ಲಿಲ್ಲ. ಹೋದ. ಬಾಕಿದಾರನಾಗಿ ಹೋದ ಅಂತ ನೀನು ಅವನ್ನ ನೆನೆಸ್ಕೋಬಾರ್ದು ಅಂತ ನನಗೆ. ನೀನು ಕಟುಕ ಅಂತ ಅವಳು ನಿನ್ನ ನೆನೆಸ್ಕೋಬಾರ್ದು ಅಂತಾನೂ ನನಗೆ. ಇಬ್ರೂ ನನ್ನ ಮಕ್ಕಳೇ ತಾನೆ? ನಾನು ಏನು ಮಾಡ್ಲಿ, ಹೇಳು. ನನಗೆ ಬರೋದು ಲೆಕ್ಕ ಬರೆಯೋದು ಒಂದೇ. ಬರ್ದೆ."

"ಒಂದ್ಸಲ ನನಗೆ ಹೇಳ್ಬಾರ್ದಿತ್ತೇನಪ್ಪಾ..."

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ತಿಂಗಳಿಗೊಂದ್ಸಲ ಅವನ ಹೆಸರು ಬರೀತಿದ್ದೆ ಕಣೋ. ಅವನ ಹೆಸರು ಬರೆಯೋಕೆ ನನಗೆ ಇನ್ನೆಲ್ಲಿ ಜಾಗ ಇದೆ?"

ಯಜಮಾನ ಮುಖ ಮುಚ್ಚಿಕೊಂಡು ಅತ್ತ. ಗಾಜಿನಾಚೆ ಹೆಂಗಸರ ಕೈ ನಿಂತುಹೋಯಿತು. ಮೇಡಂ ತನ್ನ ಹಾಳೆಯ ಮೇಲೆ ಕಣ್ಣು ನೆಟ್ಟು ಕೂತಳು, ಅಲ್ಲಿ ಒಂದಂಕಿಯೂ ಕಾಣುತ್ತಿರಲಿಲ್ಲ.

ಬ್ಯಾಂಕಿಗೆ ಮರಳಿ ಲೆಕ್ಕ ಮುಗಿಸಿದಳು. ಮುಗಿಸಲೇಬೇಕಲ್ಲ. ಎಂಬತ್ತನಾಲ್ಕರಲ್ಲಿ ಹದಿನೆಂಟು ಹೋದರೆ ಅರವತ್ತಾರು. ಅದನ್ನು ಐವತ್ತೆಂಟೂವರೆಯಿಂದ ಭಾಗಿಸಿದರೆ 1.13. ಬಾರದ ಬಾಕಿಯನ್ನು ಸ್ವಂತ ಬಂಡವಾಳದಿಂದಲೂ ಕಳೆಯಬೇಕು: ನಲವತ್ತೆರಡು ಹೋಗಿ ಇಪ್ಪತ್ತನಾಲ್ಕು. ಹೊರಗೆ ಕೊಡಬೇಕಾದ್ದೆಲ್ಲ ಸೇರಿ ಎಪ್ಪತ್ತೆಂಟು. ಡೆಟ್ ಈಕ್ವಿಟಿ 3.25. ಅಪ್ಪನ ಪತ್ರ ಕೈಯಲ್ಲಿತ್ತಾದ್ದರಿಂದ ಆ ಏಳೂವರೆಯನ್ನು ಸಾಲದಿಂದ ತೆಗೆದು ಬಂಡವಾಳಕ್ಕೆ ಸೇರಿಸಿದಳು. ಎಪ್ಪತ್ತೂವರೆಗೆ ಮೂವತ್ತೊಂದೂವರೆ, 2.24. ಹೊಸ ಇಪ್ಪತ್ತು ಲಕ್ಷ ಸೇರಿಸಿದರೂ 2.87, ಮೂರರೊಳಗೇ. ಅಂತೂ ಮುದುಕರ ಒಂದು ಸಹಿ ಒಂದು ಕಾಲನ್ನು ಎತ್ತಿ ನಿಲ್ಲಿಸಿತ್ತು. ಇನ್ನೊಂದು ಕಾಲು, ಆ ಕರೆಂಟ್ ರೇಶಿಯೋ, ಮಾತ್ರ ಏಳಲಿಲ್ಲ. ಆಕೆ ಸರಕನ್ನು ತಿರುಗಾಮುರುಗಾ ಮಾಡಿದಳು, ಮುಂಗಡಗಳನ್ನು ಮತ್ತೆ ಕೂಡಿದಳು. ಉಹೂಂ. ಹೊರಗಿನಿಂದ ಹನ್ನೆರಡು ಲಕ್ಷ ಬಂಡವಾಳ ಬಂದರೆ ಅರವತ್ತಾರು ಎಪ್ಪತ್ತೆಂಟಾಗಿ ಸರಿಯಾಗಿ ಒಂದು ಮೂವತ್ತಮೂರಕ್ಕೆ ಮುಟ್ಟುತ್ತದೆ. ಹನ್ನೆರಡು ಎಲ್ಲಿಂದ?

ಮ್ಯಾನೇಜರು ಕೆಟ್ಟವರಲ್ಲ. ಸಾಲ ಆಗಲಿ ಎಂದೇ ಅವರ ಆಸೆ. ಶುಕ್ರವಾರ ಯಜಮಾನನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕವನ್ನೆಲ್ಲ ಹೇಳಿ, ಒಂದು ದಾರಿಯನ್ನೂ ತೋರಿಸಿದರು.

"ನಿಮ್ಮ ತಮ್ಮನ ಹೆಸರಲ್ಲಿ ಒಂದು ಮನೆ ಇದೆ ಅಂದ್ರಲ್ಲ? ಬಾಕಿ ನಿಜವಾದ ಬಾಕಿ, ಬಿಲ್ಲಿದೆ. ಆಯಮ್ಮನ ಜೊತೆ ಕೂತು ಮಾತಾಡಿ. ಮನೆ ಮಾರಿದ್ರೆ ಹನ್ನೆರಡೇನು, ಹದಿನೆಂಟೂ ಬರುತ್ತೆ. ಅವರೇನು ಬೀದೀಲಿ ಇರ್ಬೇಕಾಗಿಲ್ಲ, ಬಾಡಿಗೆ ಮನೆ ಮಾಡಿಕೊಡಿ. ಹಣ ಖಾತೆಗೆ ಬಂದ ಮಾರನೇ ದಿನ ನಿಮ್ಮ ಸಾಲ ಮಂಜೂರು. ನಾನು ಮಾತು ಕೊಡ್ತೀನಿ."

ಯಜಮಾನ ಮೇಡಂ ಕಡೆ ತಿರುಗಿದ. "ಅದು ಸರೀನಾ ಮೇಡಂ? ಲೆಕ್ಕದಲ್ಲಿ?"

"ಲೆಕ್ಕದಲ್ಲಿ ಸರಿ" ಎಂದಳು ಆಕೆ. ಸುಳ್ಳು ಹೇಳಲು ಬಂದಿದ್ದರೆ ಆಗಲೇ ಹೇಳುತ್ತಿದ್ದಳು.

ಅವನು ಆ ಕಡೆ ಈ ಕಡೆ ನೋಡಿದ. ಹದಿನಾಲ್ಕು ಜನ, ಬಿಸ್ಕತ್ತಿನ ಆರ್ಡರು, ಉಬ್ಬಸದ ಯಂತ್ರ, ಎಲ್ಲವೂ ಅವನ ಮುಖದಲ್ಲಿ ಬಂದುಹೋದವು. ಆಮೇಲೆ ಚೀಲದಿಂದ ಆ ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

"ನಿನ್ನೆ ಸಾಯಂಕಾಲ ಅಪ್ಪನಿಗೆ ಬರಿ ಅಂದೆ. ಅವನ ಕೈ ಏಳ್ಲಿಲ್ಲ. ನಾನೇ ಬರ್ದೆ. ಸರಿಯಾಗಿದೆಯಾ ನೋಡಿ ಮೇಡಂ, ನನಗೆ ಈ ಬರವಣಿಗೆ ಅಭ್ಯಾಸ ಇಲ್ಲ."

ಮುತ್ತಿನಂಥ ಅಕ್ಷರಗಳ ಕೆಳಗೆ ಕಾಗೆ ಕಾಲಿನಂಥ ಒಂದು ಸಾಲು. ವರ್ಷಾಂತ್ಯದ ಮೇಲಿನ ಎರಡು ತಿಂಗಳ ಜಮೆಯನ್ನೂ ಬಿಡದೆ ಕಳೆದು, ಹದಿನೇಳು ಲಕ್ಷ ತೊಂಬತ್ತಾರು ಸಾವಿರ, ವಸೂಲಾಗದ ಬಾಕಿ ಎಂದು ತೆಗೆದುಹಾಕಲಾಗಿದೆ. ತಮ್ಮನ ಖಾತೆಯ ಕೊನೆಯಲ್ಲಿ ಸೊನ್ನೆ.

"ಏನ್ರೀ ಮಾಡಿದ್ರಿ!" ಎಂದು ಮ್ಯಾನೇಜರು ಹಣೆ ಚಚ್ಚಿಕೊಂಡರು. "ನಿಮ್ಮ ಕೈಯಾರೆ ನೀವೇ..."

"ಮೂರು ವರ್ಷದಿಂದ ಅವಳು ನನಗೆ ಕೈ ಮುಗೀತಿದಾಳೆ ಸಾರ್" ಎಂದ ಅವನು. "ನಾನು ಮಾಡದೆ ಇರೋದಕ್ಕೆ. ಈಗ ಹೋಗಿ ಮನೆ ಮಾರು ಅಂತ ಹೇಳ್ಲಾ? ಹೇಳ್ಬಾರದ್ದನ್ನ ಅವನು ಬದುಕಿದ್ದಾಗಲೇ ಹೇಳಿ ಮುಗಿಸಿದೀನಲ್ಲ, ಅಷ್ಟು ಸಾಲ್ದಾ?"

ಮೇಡಂ ಸಾಲನ್ನು ಎರಡು ಸಲ ಓದಿದಳು. "ಸರಿಯಾಗಿದೆ" ಎಂದಳು.

ಅರ್ಜಿ ತಿರಸ್ಕಾರದ ಪತ್ರವನ್ನು ಸೋಮವಾರ ಆಕೆಯೇ ಟೈಪ್ ಮಾಡಿದಳು. ಕಾರಣದ ಜಾಗದಲ್ಲಿ ಕರೆಂಟ್ ರೇಶಿಯೋ 1.13 ಎಂದು ಬರೆದಳು, ಬೇರೇನು ಬರೆಯಲು ಅಲ್ಲಿ ಜಾಗವೂ ಇರಲಿಲ್ಲ. ಮೇಲಿನವರಿಗೆ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಕಳಿಸಿ, ಇವನು ನಂಬಿಗಸ್ತ, ಮುಂದಿನ ವರ್ಷ ಮತ್ತೆ ನೋಡಬಹುದು ಎಂದು ಶಿಫಾರಸು ಮಾಡಿದಳು. ಮುಂದಿನ ವರ್ಷದ ತನಕ ಬಿಸ್ಕತ್ತಿನವರು ಕಾಯುತ್ತಾರೆಯೇ? ಕಾಯಲಿಲ್ಲ. ಎರಡನೇ ವಾರದಲ್ಲಿ ಡಬ್ಬದ ಶೆಡ್ಡಿನಿಂದ ಆರು ಮಂದಿ ಹೋದರೆಂದು ಸುದ್ದಿ ಬಂತು. ಅದರಲ್ಲಿ ಇಬ್ಬರು ತಮ್ಮ ಉಳಿತಾಯ ಖಾತೆ ಮುಚ್ಚಲು ಈ ಬ್ಯಾಂಕಿಗೇ ಬಂದಿದ್ದರು. ಆ ದಿನ ಮೇಡಂ ಊಟದ ಡಬ್ಬಿ ತೆರೆಯಲೇ ಇಲ್ಲ.

ಮುಂದಿನ ತಿಂಗಳ ಐದನೇ ತಾರೀಖು ಹಣ ತೆಗೆಯುವ ಕೌಂಟರಿನ ಮುಂದೆ ಉದ್ದ ಸಾಲಿತ್ತು. ಸಂಬಳದ ವಾರವಲ್ಲವೇ. ಅದರ ನಡುವೆ ಮಡಿಕೆ ಮುರಿಯದ ಬಿಳಿ ಅಂಗಿ ಕಂಡು ಮೇಡಂ ಗಾಜಿನಾಚೆಯಿಂದ ನೋಡಿದಳು. ಮುದುಕರ ಕಿವಿಯ ಮೇಲೆ ಹೊಸ ಕನ್ನಡಕ. ಮಗ ಬಲವಂತ ಮಾಡಿ ಕೊಡಿಸಿರಬೇಕು. ಅವರ ಸರದಿ ಬಂತು. ಚೀಟಿ ಕೊಟ್ಟರು, ಎರಡು ಸಾವಿರ ತೆಗೆದುಕೊಂಡರು, ಪ್ರತಿ ತಿಂಗಳೂ ಮಾಡುತ್ತಿದ್ದ ಹಾಗೆ ಎರಡು ಸಲ ಎಣಿಸಿದರು. ಅಂಗಿಯ ಜೇಬಿಗೆ ಹಾಕಲು ಹೋದವರು ಅಲ್ಲೇ ನಿಂತುಬಿಟ್ಟರು. ಹಿಂದಿನವರು "ಸರೀರಿ ಯಜಮಾನ್ರೇ" ಎಂದಾಗ ಪಕ್ಕಕ್ಕೆ ಸರಿದರು. ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದರು.

ಮೇಡಂ ಎದ್ದು ಹೊರಗೆ ಬಂದಳು. "ದೊಡ್ಡವರೇ, ಬನ್ನಿ, ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಹಣ ಹಿಡಿದ ಕೈಯನ್ನು ಆಕೆಯ ಮುಂದೆ ಚಾಚಿ, ಶಾಲೆಯಲ್ಲಿ ಮೇಷ್ಟ್ರನ್ನು ಲೆಕ್ಕ ಕೇಳುವ ಮಗುವಿನ ಹಾಗೆ ನಿಜವಾಗಿಯೂ ತಿಳಿಯದೆ ಕೇಳಿದರು: "ಮರ್ತು ಬಂದ್ಬಿಟ್ಟೆ ತಾಯಿ, ಕಾಲೇ ಎಳ್ಕೊಂಡು ಬಂತು. ಅವನ ಖಾತೆ ಮುಚ್ಚಿದೀವಲ್ಲ. ಇನ್ಮೇಲೆ ಇದನ್ನ ಯಾರ ಹೆಸರಿಗೆ ಬರೀಲಿ?"

ಮೇಡಂ ಆ ಎರಡು ಸಾವಿರವನ್ನು ನೋಡಿದಳು, ಅವರ ಹೊಸ ಕನ್ನಡಕವನ್ನು ನೋಡಿದಳು. ಆಕೆಯ ಕಿವಿಯ ಹಿಂದೆ ಪೆನ್ಸಿಲ್ ಇತ್ತು. ಮುದುಕರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಾಲಿನವರೆಲ್ಲ ನೋಡುತ್ತಿದ್ದರೂ ಬಹಳ ಹೊತ್ತು ಬಿಡಲಿಲ್ಲ.